ಒಂದು ಸೇರು ಜೋಳದ ಕೂಸು

ಮುಂಬೈ ಹತ್ತಿರದ ಡೊಂಬಿವಲಿಯಲ್ಲಿರೋ ನಮ್ಮಣ್ಣನ ಮಗನ ಹೆಸರು ತಿಪ್ಪಣ್ಣ. ಮುತ್ತಜ್ಜನ ಹೆಸರು. ಕ್ಲಾಸಿನ ಮರಾಠಿ ಹುಡುಗರು 'ಟಿಪ್ಪಣಿ' ಅಂತ ಕರೆದರೂ ಹೇಗೋ ತಡೆದುಕೊಂಡಿದ್ದ. ಆದರೆ ಬಿಲ್ಡಿಂಗಿನ ಕನ್ನಡದ ಹುಡುಗನೊಬ್ಬ ತಿಪ್ಪೆ ಅಂದ್ರೆ ಏನು ಅಂತ ಎಲ್ಲರಿಗೂ ಬಿಡಿಸಿ ಹೇಳಿದ. (ನಮ್ಮವರೇ ನೋಡಿ!) ಅವತ್ತು ರಾತ್ರಿ ತಿಪ್ಪಣ್ಣ ಊಟಕ್ಕೇ ಬರಲಿಲ್ಲ.

ನಮ್ಮವ್ವ ತಟ್ಟೆ ಹಿಡಿದು ಅವನ ಪಕ್ಕ ಕೂತರು. ರೊಟ್ಟಿ ಮುರೀತಾ ಶುರು ಮಾಡಿದರು.

"ಮುತ್ಯಾನ ಮುಂಚೆ ಮೂರು ಕೂಸು ಹೋಗಿದ್ವು, ಮಗಾ. ಇವ ಹುಟ್ಟಿದ ಕೂಡಲೇ ಮೊರದಾಗ ಹಾಕಿ ತಿಪ್ಪಿ ಮ್ಯಾಲಿಟ್ರು. ಬಾಜೂ ಮನಿಯಾಕಿ ಎತ್ತಿಕೊಂಡ್ಲು. ಹಡದಾಕಿ ಒಂದು ಸೇರು ಜೋಳ ಕೊಟ್ಟು ಕೊಂಡ್ಲು. ಬೇಡಾಗಿ ಬಿಸಾಕಿದ ಕೂಸು ಅಂದ್ರ ಯಮಗೂ ಬ್ಯಾಡ, ಕೆಟ್ಟ ಕಣ್ಣಿಗೂ ಬ್ಯಾಡ."

ಬಾಣಂತಿ ತನ್ನ ಕೂಸನ್ನೇ ದುಡಿದ ಜೋಳ ಕೊಟ್ಟು ಕೊಳ್ಳೋದು! ಮೂರು ಸಲ ಕಳಕೊಂಡವಳಿಗೆ ಅದು ನಾಟಕ ಅನಿಸಿರಲಿಕ್ಕಿಲ್ಲ. ಗುಂಡಪ್ಪ, ಕಲ್ಲಪ್ಪ ಅಂತ ಹೆಸರಿಡೋದರ ಹಿಂದೆಯೂ ಎಷ್ಟೋ ಮನೆಗಳಲ್ಲಿ ಇದೇ ಭಯ ಇತ್ತು. ಮರಾಠಿಯವರಲ್ಲೂ ಇದೆ. ದಗಡೂ ಅಂದ್ರೆ ಕಲ್ಲು, ಕೇರಬಾ ಅಂದ್ರೆ ಕಸ.

ಮರುದಿನ ಇವನು ಕ್ಲಾಸಿನಲ್ಲಿ ಕತೆ ಹೇಳಿದನಂತೆ. ಒಬ್ಬ ಹುಡುಗ ತನ್ನ ಪಣಜೋಬಾ, ಅಂದ್ರೆ ಮುತ್ತಜ್ಜನ ಹೆಸರೂ ದಗಡೂ ಅಂದನಂತೆ. ಟಿಪ್ಪಣಿ ಅನ್ನೋದು ಮಾತ್ರ ನಿಂತಿಲ್ಲ.

ಸದ್ಯಕ್ಕೆ ನಮ್ಮ ಹುಡುಗನ ತಕರಾರೇ ಬೇರೆ. ಬರೀ ಒಂದು ಸೇರಾ? ಎರಡಾದ್ರೂ ಕೊಡಬಾರದಿತ್ತಾ?