ಬೋರ್ಡಿಗೆ ಬಜೆಟ್ ತೋರಿಸುವ ಸ್ಲೈಡುಗಳು: ಒಂದಕ್ಕೆ ಒಂದೇ ಮಾತು

"ಸಾರ್, ಮುಂದಿನ ವರ್ಷದ ಬಜೆಟ್ಟನ್ನ ಬೋರ್ಡ್ ಮೀಟಿಂಗಲ್ಲಿ ತೋರಿಸ್ಬೇಕು. ಎಕ್ಸೆಲ್ ಶೀಟ್ ರೆಡಿ ಇದೆ. ಎಷ್ಟು ಸ್ಲೈಡ್ ಮಾಡ್ಲಿ? ಯಾವುದರಲ್ಲಿ ಏನ್ ಹಾಕ್ಲಿ?"

ಎಂಟು ಸಾಕು. ಎಕ್ಸೆಲ್ ಶೀಟನ್ನು ಸ್ಲೈಡಿಗೆ ಅಂಟಿಸಲೇಬೇಡಿ. ಅದನ್ನು ಪ್ರಿಂಟ್ ಹಾಕಿಸಿ, ಸಭೆಯ ನೋಟಿಸಿನ ಜೊತೆಗೇ ಸದಸ್ಯರ ಕೈಸೇರುವಂತೆ ಕಳಿಸಿ. ಅಂಕಿ ನೋಡುವವರು ಮನೆಯಲ್ಲೇ ನೋಡಿಕೊಂಡು ಬರುತ್ತಾರೆ. ನೋಡದೆ ಬರುವವರಿಗೆ ನಲವತ್ತು ಸಾಲಿನ ಕೋಷ್ಟಕವನ್ನು ಪರದೆಯ ಮೇಲೆ ತೋರಿಸಿದರೂ ಅಷ್ಟೇ, ಬಿಟ್ಟರೂ ಅಷ್ಟೇ. ಹಾಗೆ ತೋರಿಸಿದಾಗ ಆಗುವುದು ಒಂದೇ: ಯಾರೋ ಒಬ್ಬರು "ಈ ಸ್ಟೇಷನರಿ ಖರ್ಚು ಯಾಕೆ ಜಾಸ್ತಿ?" ಅನ್ನುತ್ತಾರೆ, ಕಾಲು ಗಂಟೆ ಅಲ್ಲೇ ಹೋಗುತ್ತದೆ.

ಈ ಪ್ರಶ್ನೆ ನನ್ನನ್ನು ಹೆಚ್ಚಾಗಿ ಕೇಳುವವರು ಶಾಲೆ ನಡೆಸುವ ಟ್ರಸ್ಟುಗಳ ಕಾರ್ಯದರ್ಶಿಗಳು, ಖಜಾಂಚಿಗಳು. ಹಾಗಾಗಿ ಅಂಥದ್ದೇ ಒಂದು ಶಾಲೆಯನ್ನು ಕಲ್ಪಿಸಿಕೊಳ್ಳೋಣ. 600 ಮಕ್ಕಳು, ಸರಾಸರಿ ಶುಲ್ಕ 40,000 ರೂಪಾಯಿ. ಅದರಲ್ಲಿ ನಿಜವಾಗಿ ವಸೂಲಾಗುವುದು ಶೇ 95, ಅಂದರೆ 228 ಲಕ್ಷ. ಬಸ್ಸಿನಿಂದ 30 ಲಕ್ಷ, ಇತರೆ 6 ಲಕ್ಷ ಸೇರಿ ಒಟ್ಟು ಆದಾಯ 264 ಲಕ್ಷ. ಖರ್ಚು 254 ಲಕ್ಷ. ಈ ವರ್ಷದ ಉಳಿಕೆ 10 ಲಕ್ಷ. ಕೋಟಿ, ಲಕ್ಷ, ಸಾವಿರ ಅಂತ ಬೆರೆಸದೆ ಎಲ್ಲವನ್ನೂ ಲಕ್ಷದಲ್ಲೇ ಬರೆಯಿರಿ. 2.64 ಕೋಟಿಯನ್ನೂ 18 ಲಕ್ಷವನ್ನೂ ಒಂದೇ ಸ್ಲೈಡಿನಲ್ಲಿ ಹಾಕಿದರೆ ಹೋಲಿಸುವ ಕೆಲಸವನ್ನು ಸದಸ್ಯರ ತಲೆಗೆ ಕಟ್ಟಿದಂತಾಗುತ್ತದೆ.

ಸ್ಲೈಡಿನ ಶೀರ್ಷಿಕೆಯಿಂದಲೇ ಶುರು ಮಾಡಿ. ನಾನು ನೋಡುವ ಹೆಚ್ಚಿನ ಪಿಪಿಟಿಗಳಲ್ಲಿ ಶೀರ್ಷಿಕೆ "ಆದಾಯ", "ವೆಚ್ಚ", "ಸಿಬ್ಬಂದಿ ವೇತನ" ಎಂದಿರುತ್ತದೆ. ಇವು ಕಡತದ ಮೇಲೆ ಬರೆಯುವ ಹೆಸರುಗಳು. ಶೀರ್ಷಿಕೆಯಲ್ಲಿ ಕ್ರಿಯಾಪದವಿರುವ ಪೂರ್ತಿ ವಾಕ್ಯ ಬೇಕು. "ಉಳಿಕೆ 10 ಲಕ್ಷದಿಂದ 2 ಲಕ್ಷಕ್ಕೆ ಇಳಿಯುತ್ತದೆ, ಮುಖ್ಯ ಕಾರಣ ಸಂಬಳ" ಎಂದು ಬರೆದರೆ ಕೆಳಗೆ ಏನಿರಬೇಕು, ಏನಿರಬಾರದು ಎಂಬುದು ಅಲ್ಲೇ ತೀರ್ಮಾನವಾಗುತ್ತದೆ. ವಾಕ್ಯದಲ್ಲಿ "ಮತ್ತು" ನುಸುಳಿ ಎರಡನೇ ಸಂಗತಿ ಬಂತೋ, ಅದು ಇನ್ನೊಂದು ಸ್ಲೈಡಿಗೆ ಸೇರಿದ್ದು. ಎಲ್ಲ ಮುಗಿದ ಮೇಲೆ ಪವರ್‌ಪಾಯಿಂಟಿನಲ್ಲಿ View ಒತ್ತಿ Outline View ತೆಗೆಯಿರಿ. ಶೀರ್ಷಿಕೆಗಳನ್ನು ಮಾತ್ರ ಸಾಲಾಗಿ ಓದಿಕೊಂಡು ಹೋದರೆ ಮಾತು ಕೂಡಬೇಕು. ಎಲ್ಲಾದರೂ ತಡವರಿಸಿದರೆ ಅಲ್ಲಿ ಒಂದು ಸ್ಲೈಡ್ ಬಿಟ್ಟುಹೋಗಿದೆ, ಇಲ್ಲವೇ ಹೆಚ್ಚಾಗಿದೆ.

ಮೊದಲ ಸ್ಲೈಡಿನಲ್ಲಿ ಬೋರ್ಡಿನಿಂದ ನಿಮಗೆ ಏನು ಬೇಕು ಎಂಬುದನ್ನು ಹೇಳಿಬಿಡಿ: "2 ಲಕ್ಷ ಉಳಿಕೆಯ ಈ ಬಜೆಟ್ಟಿಗೆ ಮಂಡಳಿಯ ಒಪ್ಪಿಗೆ ಕೋರುತ್ತೇವೆ." ಕೆಳಗೆ ಮೂರೇ ಸಾಲು. ಶುಲ್ಕ ಶೇ 6 ಏರಿಕೆ, ಸಂಬಳ ಶೇ 8 ಏರಿಕೆ, ಠೇವಣಿಯಿಂದ ಲ್ಯಾಬಿಗೆ 12 ಲಕ್ಷ. ಸಸ್ಪೆನ್ಸ್ ಬೇಡ. ಕೊನೆಯಲ್ಲಿ ಹೇಳೋಣ ಎಂದು ಇಟ್ಟುಕೊಂಡರೆ, ಯಾವುದಕ್ಕೆ ಕೈ ಎತ್ತಬೇಕು ಎಂದು ತಿಳಿಯದೆ ಸದಸ್ಯರು ಪ್ರತಿ ಸ್ಲೈಡನ್ನೂ ಅನುಮಾನದಿಂದಲೇ ನೋಡುತ್ತಾರೆ.

ಎರಡನೆಯದು ಈ ವರ್ಷ ಹೇಗೆ ಮುಗಿಯುತ್ತಿದೆ ಎಂಬುದು. ಬೇಗ ದಾಟಿ. ಆದರೆ ಮಂಡಳಿ ಹೋದ ವರ್ಷ ಒಪ್ಪಿದ ಅಂದಾಜು, ಪರಿಷ್ಕೃತ ಅಂದಾಜು ಎರಡನ್ನೂ ಪಕ್ಕಪಕ್ಕ ಇಡಿ. ಸಭೆ ಫೆಬ್ರವರಿಯಲ್ಲಿದ್ದರೆ ಜನವರಿವರೆಗಿನದು ನಿಜವಾದ ಲೆಕ್ಕ, ಉಳಿದೆರಡು ತಿಂಗಳದು ಊಹೆ. ಅದನ್ನು ಸ್ಲೈಡಿನ ಅಡಿಯಲ್ಲಿ ಸಣ್ಣದಾಗಿಯಾದರೂ ಬರೆಯಿರಿ.

ಮೂರನೇ ಸ್ಲೈಡೇ ಇಡೀ ಸಭೆಯ ಜೀವ. 10 ಲಕ್ಷ ಹೇಗೆ 2 ಲಕ್ಷ ಆಯಿತು? ಮುಂದಿನ ವರ್ಷ ಶುಲ್ಕ 42,400. ಅದೇ 600 ಮಕ್ಕಳು, ಅದೇ ಶೇ 95 ವಸೂಲಿ ಎಂದು ಹಿಡಿದರೆ ಸುಮಾರು 242 ಲಕ್ಷ, ಅಂದರೆ 14 ಲಕ್ಷ ಹೆಚ್ಚು. ಸಂಬಳ 172ರಿಂದ 190 ಲಕ್ಷಕ್ಕೆ ಹೋಗುತ್ತದೆ, 18 ಹೆಚ್ಚು. ಬಸ್ಸಿನ ಖರ್ಚು 2, ಇತರೆ ಖರ್ಚು 2 ಹೆಚ್ಚು. ಹತ್ತಕ್ಕೆ ಹದಿನಾಲ್ಕು ಕೂಡಿಸಿ, ಹದಿನೆಂಟು, ಎರಡು, ಎರಡು ಕಳೆಯಿರಿ, ಉಳಿದದ್ದು ಎರಡು. ಇದಕ್ಕೆ ವಾಟರ್‌ಫಾಲ್ ಚಾರ್ಟಿಗಿಂತ ಒಳ್ಳೆಯ ಚಿತ್ರವಿಲ್ಲ. ಎಡಗಡೆ 10ರ ಕಂಬ, ಬಲಗಡೆ 2ರ ಕಂಬ, ನಡುವೆ ಏರುವ ಒಂದು ತುಂಡು, ಇಳಿಯುವ ಮೂರು ತುಂಡು. ನೋಡಿದ ಕೂಡಲೇ ಶುಲ್ಕದ ಏರಿಕೆಯನ್ನು ಸಂಬಳ ನುಂಗಿದ್ದು ಕಣ್ಣಿಗೆ ಬೀಳುತ್ತದೆ.

ಆಫೀಸ್ 2016 ಮತ್ತು ಅದರ ನಂತರದ ಆವೃತ್ತಿಗಳಲ್ಲಿ Insert, Chart, Waterfall ಎಂದು ಹೋದರೆ ಇದು ಸಿಗುತ್ತದೆ. ಇಲ್ಲೊಂದು ಕಡೆ ಬಹಳ ಜನ ಎಡವುತ್ತಾರೆ. ಕೊನೆಯ 2 ಎಂಬುದು ಮೊತ್ತ ಎಂದು ಅದಕ್ಕೆ ತಾನಾಗಿ ಗೊತ್ತಾಗುವುದಿಲ್ಲ. ಇನ್ನೂ ಎರಡು ಕೂಡಿಸಿ ಎಂದೇ ತಿಳಿಯುತ್ತದೆ. ಕಂಬ ನೆಲದಿಂದ ಏಳುವ ಬದಲು ಗಾಳಿಯಲ್ಲಿ ನೇತಾಡುತ್ತಾ 4ಕ್ಕೆ ಹೋಗಿ ನಿಲ್ಲುತ್ತದೆ. ಆ ಕಂಬವನ್ನೊಂದೇ ಎರಡು ಸಲ ಕ್ಲಿಕ್ ಮಾಡಿ ಆರಿಸಿ, ರೈಟ್ ಕ್ಲಿಕ್ ಮಾಡಿ Set as Total ಕೊಡಿ. ಮೊದಲ ಕಂಬಕ್ಕೂ ಹಾಗೇ ಮಾಡಿದರೆ ಎರಡಕ್ಕೂ ಒಂದೇ ಬಣ್ಣ ಬರುತ್ತದೆ.

ನಾಲ್ಕನೆಯದು ಸಂಬಳ. ಮೂರನೇ ಸ್ಲೈಡ್ ನೋಡಿದವರ ಬಾಯಲ್ಲಿ ಬರುವ ಪ್ರಶ್ನೆಯೇ ಇದರ ವಿಷಯ: "18 ಲಕ್ಷದಲ್ಲಿ 14 ಲಕ್ಷ ಈಗಿರುವವರ ಇನ್‌ಕ್ರಿಮೆಂಟ್, ಹೊಸ ಹುದ್ದೆಗೆ 4 ಲಕ್ಷ ಮಾತ್ರ." ಇಬ್ಬರು ಹೊಸ ಶಿಕ್ಷಕರಿಗೆ ತಿಂಗಳಿಗೆ 15,000 ಎಂದಿಟ್ಟುಕೊಂಡರೆ ಪಿಎಫ್ ಸೇರಿ ಸಂಸ್ಥೆಗೆ ಬೀಳುವುದು ತಲಾ 16,950. ಉದ್ಯೋಗದಾತರ ಪಾಲಿನ ಪಿಎಫ್ ಶೇ 12, ವಿಮೆಗೆ ಅರ್ಧ, ಆಡಳಿತ ಶುಲ್ಕಕ್ಕೆ ಅರ್ಧ, ಒಟ್ಟು ಶೇ 13. ಹೊಸ ಹುದ್ದೆಯ ಲೆಕ್ಕ ಹಾಕುವಾಗ ಇದನ್ನು ಬಿಟ್ಟುಬಿಡುವವರೇ ಜಾಸ್ತಿ. ಆದರೆ ಈ ವಿವರಣೆ ಸ್ಲೈಡಿಗೆ ಬೇಡ, ಬಾಯಲ್ಲಿ ಇದ್ದರೆ ಸಾಕು.

ಇನ್ನು ಲ್ಯಾಬ್. ಒಂದೇ ಮಾತು ಎಂಬ ನಿಯಮ ನಿಜವಾಗಿ ಕೈಹಿಡಿಯುವುದು ಇಲ್ಲೇ. ಸಾಮಾನ್ಯವಾಗಿ ಬರುವ ಸ್ಲೈಡ್ ಹೀಗಿರುತ್ತದೆ: "ಲ್ಯಾಬ್ ವೆಚ್ಚ 12 ಲಕ್ಷ", ಕೆಳಗೆ ಸಲಕರಣೆಗಳ ಪಟ್ಟಿ, ಎರಡು ಕೊಟೇಶನ್, ಠೇವಣಿಯ ವಿವರ, ಪಕ್ಕದಲ್ಲಿ ಒಂದು ಫೋಟೋ. ಅದರಲ್ಲಿರುವ ಮಾತುಗಳನ್ನು ಬಿಡಿಸುತ್ತಾ ಹೋದರೆ ಒಂದು ಅಪಾಯ ಹೊರಗೆ ಬರುತ್ತದೆ. ಮೊದಲ ಮಾತು: ಈ 12 ಲಕ್ಷ ಬಂಡವಾಳ ವೆಚ್ಚ, ವರ್ಷದ ಉಳಿಕೆಯಿಂದಲ್ಲ, 40 ಲಕ್ಷದ ಠೇವಣಿಯಿಂದ ಬರುತ್ತದೆ. ಇದು ಐದನೇ ಸ್ಲೈಡ್. ಇದನ್ನು ಸಂಬಳ, ಕರೆಂಟ್ ಬಿಲ್ಲಿನ ಸಾಲಿಗೆ ಸೇರಿಸಿದರೆ 2 ಲಕ್ಷ ಉಳಿಕೆ 10 ಲಕ್ಷ ಕೊರತೆಯಾಗಿ ಕಾಣುತ್ತದೆ, ಸಭೆ ಗಾಬರಿಯಾಗುತ್ತದೆ.

ಎರಡನೇ ಮಾತು: ಉಳಿಯುವ 28 ಲಕ್ಷ ಸಾಕೇ? ಮುಂದಿನ ವರ್ಷದ ಸಂಬಳ ತಿಂಗಳಿಗೆ ಸುಮಾರು 16 ಲಕ್ಷ. ಏಪ್ರಿಲ್, ಮೇ ಎರಡು ತಿಂಗಳಿಗೆ 32 ಲಕ್ಷ ಬೇಕು. ಶುಲ್ಕ ಕೈಗೆ ಬರಲು ಶುರುವಾಗುವುದು ಜೂನ್‌ನಲ್ಲಿ. ಬೇರೆ ಹಣವಿಲ್ಲದ ಟ್ರಸ್ಟು ಮಾರ್ಚ್ ಕೊನೆಯಲ್ಲೇ ಲ್ಯಾಬಿಗೆ ದುಡ್ಡು ಕೊಟ್ಟರೆ ಮೇ ಸಂಬಳಕ್ಕೆ 4 ಲಕ್ಷ ಕಡಿಮೆ ಬೀಳುತ್ತದೆ. ಬಜೆಟ್ಟಿನಲ್ಲಿ ಎಲ್ಲ ಸರಿಯಾಗಿಯೇ ಇರುತ್ತದೆ, ಬ್ಯಾಂಕಿನಲ್ಲಿ ಮಾತ್ರ ದುಡ್ಡಿರುವುದಿಲ್ಲ. ಹಾಗಾಗಿ ಆರನೇ ಸ್ಲೈಡಿನ ಶೀರ್ಷಿಕೆ: "ಲ್ಯಾಬಿನ ಹಣ ಆಗಸ್ಟ್ ನಂತರವೇ ಕೊಡುತ್ತೇವೆ, ಬೇಸಿಗೆಯ ಸಂಬಳಕ್ಕೆ ಠೇವಣಿ ಮುಟ್ಟದೆ ಇಡಬೇಕು." ಕೆಳಗೆ ಹನ್ನೆರಡು ತಿಂಗಳ ಕೈಹಣದ ಒಂದು ಗೆರೆ, ಅಷ್ಟೇ. ಆ ಗೆರೆಯನ್ನು ಮುಂದಿನ ಏಪ್ರಿಲ್, ಮೇವರೆಗೂ ಎಳೆಯಿರಿ. 28ರ ಜೊತೆ ವರ್ಷದ ಉಳಿಕೆ 2 ಸೇರಿ 30 ಆಗುತ್ತದೆ, ಬೇಕಾಗುವುದು 32ಕ್ಕಿಂತ ಹೆಚ್ಚು. ಅಂದರೆ ಶುಲ್ಕದ ಮೊದಲ ಕಂತನ್ನು ಮಾರ್ಚ್‌ನಲ್ಲೇ ತೆಗೆದುಕೊಳ್ಳುವ ಪದ್ಧತಿ ಬೇಕು ಎಂದು ಈಗಲೇ ಹೇಳಬಹುದು. ಫೋಟೋ, ಪಟ್ಟಿ, ಕೊಟೇಶನ್ನುಗಳು ಪ್ರಿಂಟಿನ ಜೊತೆ ಹೋಗಲಿ.

ಏಳನೆಯದು "ಅಂದುಕೊಂಡಂತೆ ಆಗದಿದ್ದರೆ" ಎಂಬ ಸ್ಲೈಡ್. ಹತ್ತು ಅಪಾಯಗಳ ಪಟ್ಟಿ ಮಾಡಬೇಡಿ. ಈ ಬಜೆಟ್ಟನ್ನು ಬೀಳಿಸಬಲ್ಲವು ಎರಡೇ: ವಸೂಲಿ ಮತ್ತು ದಾಖಲಾತಿ. ವಸೂಲಿ ಶೇ 95ರ ಬದಲು 93 ಆದರೆ 5 ಲಕ್ಷ ಕಡಿಮೆ, ಅಂದರೆ 3 ಲಕ್ಷ ಕೊರತೆ. ಹತ್ತು ಮಕ್ಕಳು ಕಡಿಮೆಯಾದರೆ 4 ಲಕ್ಷ ಹೋಗುತ್ತದೆ. ಕೆಲವು ಟ್ರಸ್ಟುಗಳಲ್ಲಿ ವಸೂಲಿಯ ಮಾತೇ ಇಲ್ಲದೆ 600 ಗುಣಿಸು 42,400 ಎಂದು ಪೂರ್ತಿ 254 ಲಕ್ಷವನ್ನು ಆದಾಯಕ್ಕೆ ಬರೆದುಬಿಡುತ್ತಾರೆ. ಕಾಗದದ ಮೇಲೆ ಉಳಿಕೆ ಹನ್ನೆರಡು ಲಕ್ಷಕ್ಕೂ ಹೆಚ್ಚು ಉಬ್ಬುತ್ತದೆ. ಶುಲ್ಕದ ಮೊತ್ತವನ್ನು ಮಕ್ಕಳ ಸಂಖ್ಯೆಯಿಂದ ಭಾಗಿಸಿದಾಗ ಸರಿಯಾಗಿ ಪೂರ್ತಿ ಶುಲ್ಕವೇ ಬಂದರೆ ಇದೇ ಆಗಿದೆ ಎಂದು ತಿಳಿಯಿರಿ.

ಅಪಾಯ ಹೇಳಿ ಸುಮ್ಮನಾಗಬೇಡಿ, ಕಡಿವಾಣದ ದಿನವನ್ನೂ ಹೇಳಿ. ಶೀರ್ಷಿಕೆ ಹೀಗಿರಲಿ: "ಜೂನ್ 30ಕ್ಕೆ 590 ಮಕ್ಕಳಾಗದಿದ್ದರೆ ಹೊಸ ಹುದ್ದೆಗಳನ್ನು ತುಂಬುವುದಿಲ್ಲ." ಇಬ್ಬರನ್ನು ತೆಗೆದುಕೊಳ್ಳುವುದನ್ನು ಅಲ್ಲಿಯವರೆಗೆ ತಡೆಹಿಡಿದರೆ ಈ ಮಾತಿಗೆ ಅರ್ಥವಿರುತ್ತದೆ, ಜೂನ್ ಒಂದಕ್ಕೇ ನೇಮಕಾತಿ ಪತ್ರ ಕೊಟ್ಟು ಆಮೇಲೆ ಎಣಿಸಿದರೆ ಇರುವುದಿಲ್ಲ. ಬೋರ್ಡಿನಲ್ಲಿ ಉದ್ಯಮಿಗಳಿದ್ದರೆ ಅವರು ತಲೆದೂಗುವುದು ಹೆಚ್ಚಾಗಿ ಈ ಸ್ಲೈಡಿಗೇ.

ಎಂಟನೆಯದರಲ್ಲಿ ನಡಾವಳಿ ಪುಸ್ತಕಕ್ಕೆ ಹಾಗೇ ಇಳಿಸಬಹುದಾದ ಠರಾವಿನ ಒಕ್ಕಣೆ ಇರಲಿ. "ಸದರಿ ಆಯವ್ಯಯಕ್ಕೆ ಅನುಮೋದನೆ ನೀಡಲಾಯಿತು" ಎಂದು ಒಂದೇ ಸಾಲು ಬರೆದರೆ ಆರು ತಿಂಗಳ ಮೇಲೆ ಲ್ಯಾಬಿನ ಹಣ ಯಾವಾಗ, ಎಲ್ಲಿಂದ ಎಂಬುದಕ್ಕೆ ಆಧಾರವಿರುವುದಿಲ್ಲ. ಮೊತ್ತ, ಮೂಲ, ಆಗಸ್ಟ್ ನಂತರ ಎಂಬ ಷರತ್ತು, 590ರ ಷರತ್ತು ಎಲ್ಲವೂ ಅದರಲ್ಲಿರಲಿ. ಪರದೆಯ ಮೇಲಿರುವುದನ್ನೇ ಸದಸ್ಯರು ತಿದ್ದುತ್ತಾರೆ, ತಿದ್ದಿದ್ದನ್ನೇ ಕಾರ್ಯದರ್ಶಿ ಬರೆದುಕೊಳ್ಳುತ್ತಾರೆ.

ಇವುಗಳ ಹಿಂದೆ ಎರಡು ಮೂರು ಸ್ಲೈಡುಗಳನ್ನು ತೋರಿಸದೆ ಇಟ್ಟುಕೊಳ್ಳಿ. "ಶುಲ್ಕದಿಂದಲೇ ಸಂಬಳದ ಏರಿಕೆ ಪೂರ್ತಿ ತುಂಬಬೇಕಾದರೆ ಎಷ್ಟು ಏರಿಸಬೇಕು?" ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಉತ್ತರ ಸುಮಾರು ಶೇ 8. ಬಸ್ಸಿನ ನಷ್ಟದ ಲೆಕ್ಕವೂ ಅಲ್ಲೇ ಇರಲಿ. ಅದನ್ನು ಮುಖ್ಯ ಸ್ಲೈಡಿಗೆ ತಂದರೆ ಚರ್ಚೆ ಬಸ್ಸಿನ ರೂಟಿಗೆ ಹೋಗಿ ವಾಪಸ್ ಬರುವುದಿಲ್ಲ.

ಕನ್ನಡದಲ್ಲಿ ಸ್ಲೈಡ್ ಮಾಡುವವರಿಗೆ ಇನ್ನೊಂದು ಮಾತು. ನುಡಿ ತಂತ್ರಾಂಶದ ಹಳೆಯ ಫಾಂಟುಗಳಲ್ಲಿ ಟೈಪ್ ಮಾಡಿದ್ದು ಸಭೆಯ ಲ್ಯಾಪ್‌ಟಾಪಿನಲ್ಲಿ ಆ ಫಾಂಟ್ ಇಲ್ಲದಿದ್ದರೆ ಅರ್ಥವಿಲ್ಲದ ಅಕ್ಷರಗಳ ರಾಶಿಯಾಗಿ ಕಾಣುತ್ತದೆ. ಯೂನಿಕೋಡಿನಲ್ಲೇ ಬರೆಯಿರಿ, ಜೊತೆಗೊಂದು ಪಿಡಿಎಫ್ ಪ್ರತಿಯನ್ನು ಪೆನ್‌ಡ್ರೈವಿನಲ್ಲಿ ಇಟ್ಟುಕೊಂಡು ಹೋಗಿ.