ಎದುರಾಳಿಯ ಪ್ರಮಾಣ ನಮ್ಮ ಕೈಯಲ್ಲಿಲ್ಲ

"ಮೇಡಂ, ಕೂರ್ನೋ ಲೆಕ್ಕದಲ್ಲಿ ಎರಡು ಕಂಪನಿಗೂ ವೆಚ್ಚ ಒಂದೇ, ಕೊನೆಗೆ ಇಬ್ಬರೂ ತಯಾರಿಸೋದೂ ಅಷ್ಟಷ್ಟೇ. ಹಾಗಿದ್ದಮೇಲೆ ಮೊದಲೇ q1 = q2 ಅಂತ ಹಾಕಿಬಿಟ್ರೆ ಏನು ತಪ್ಪು? ಹಾಗೆ ಮಾಡಿದ್ರೆ ಉತ್ತರ ಯಾಕೆ ಬೇರೆ ಬರುತ್ತೆ?"

ಹಾಗೆ ಹಾಕಿದ ಕ್ಷಣವೇ ನೀವು ಬೇರೊಂದು ಲೆಕ್ಕಕ್ಕೆ ಹೊರಟುಹೋಗಿರುತ್ತೀರಿ. ಪೈಪೋಟಿಗೆ ನಿಂತ ಇಬ್ಬರ ಲೆಕ್ಕ ಬಿಟ್ಟು, ಒಳಗೊಳಗೆ ಕೈ ಜೋಡಿಸಿದ ಇಬ್ಬರ ಲೆಕ್ಕ ಬಿಡಿಸುತ್ತೀರಿ. ಅದೂ ಸರಿಯಾದ ಉತ್ತರವೇ, ಆದರೆ ಕೇಳಿದ ಪ್ರಶ್ನೆಗಲ್ಲ.

ಶಿವಾಜಿನಗರದ ರಸೆಲ್ ಮಾರ್ಕೆಟ್ಟಿನ ಮೀನಿನ ಅಂಗಡಿಗಳನ್ನು ನೆನಪಿಗೆ ತಂದುಕೊಳ್ಳಿ. ಅವಕ್ಕೆಲ್ಲ ಐಸ್ ಕೊಡುವ ಕಾರ್ಖಾನೆಗಳು ಎರಡೇ ಇವೆ ಎಂದಿಟ್ಟುಕೊಳ್ಳೋಣ. ಈ ಉದಾಹರಣೆ ನಾನು ಬೇಕೆಂದೇ ಆರಿಸಿಕೊಂಡದ್ದು. ದೊಡ್ಡ ಐಸ್ ಗಡ್ಡೆ ಕಟ್ಟಲು ಗಂಟೆಗಟ್ಟಲೆ ಹೊತ್ತು ಬೇಕು. ಎಷ್ಟು ಅಚ್ಚಿಗೆ ನೀರು ತುಂಬಬೇಕೆಂದು ಹಿಂದಿನ ದಿನವೇ ತೀರ್ಮಾನವಾಗಿರುತ್ತದೆ, ಪಕ್ಕದವರು ಎಷ್ಟು ತುಂಬಿದರೆಂದು ಗೊತ್ತಿರುವುದಿಲ್ಲ. ಬೆಳಗ್ಗೆ ಎರಡೂ ಕಡೆಯ ಗಡ್ಡೆಗಳು ಬಂದಿಳಿದ ಮೇಲೆ, ಅಷ್ಟೂ ಖರ್ಚಾಗುವಂಥ ಬೆಲೆ ಕುದುರುತ್ತದೆ. ಮೊದಲು ಪ್ರಮಾಣ, ಆಮೇಲೆ ಬೆಲೆ. 1838ರಲ್ಲಿ ಫ್ರಾನ್ಸಿನ ಆಂಟ್ವಾನ್ ಆಗಸ್ಟಿನ್ ಕೂರ್ನೋ ಖನಿಜಜಲದ ಎರಡು ಬುಗ್ಗೆಗಳನ್ನು ಇಟ್ಟುಕೊಂಡು ವಿವರಿಸಿದ ದ್ವಿಸ್ವಾಮ್ಯದಲ್ಲೂ ಇಬ್ಬರೂ ತೀರ್ಮಾನಿಸುವುದು ಪ್ರಮಾಣವನ್ನೇ.

ಅಂಕಿಗಳು ನಾನೇ ಇಟ್ಟುಕೊಂಡವು. ಇಬ್ಬರೂ ಸೇರಿ Q ಗಡ್ಡೆ ತಂದರೆ ಗಡ್ಡೆಯೊಂದರ ಬೆಲೆ P = 340 − Q ರೂಪಾಯಿ. ತಯಾರಿಸಲು ಗಡ್ಡೆಗೆ 100 ರೂಪಾಯಿ, ಇಬ್ಬರಿಗೂ ಅಷ್ಟೇ. ಮೊದಲನೆಯವರು q1 ಗಡ್ಡೆ, ಎರಡನೆಯವರು q2 ಗಡ್ಡೆ ತಂದರೆ ಮೊದಲನೆಯವರ ಲಾಭ ಹೀಗೆ ಬರುತ್ತದೆ:

```
π1 = (340 − q1 − q2)·q1 − 100·q1
   = 240·q1 − q1² − q1·q2
```

ಇದನ್ನು q1ಗೆ ಮಾತ್ರ ಡಿಫರೆನ್ಷಿಯೇಟ್ ಮಾಡಬೇಕು. q2 ಅವರ ತೀರ್ಮಾನವಲ್ಲ, ಪಕ್ಕದ ಕಾರ್ಖಾನೆಯ ಅಚ್ಚಿನಲ್ಲಿ ಆಗಲೇ ಕಟ್ಟುತ್ತಿರುವ ಐಸ್ ಅದು. ಆದ್ದರಿಂದ ಇಲ್ಲಿ q2 ಒಂದು ಸ್ಥಿರ ಸಂಖ್ಯೆ. 240 − 2q1 − q2 = 0 ಎಂದು ಬರುತ್ತದೆ. ಅದರಿಂದ

```
q1 = 120 − q2/2
q2 = 120 − q1/2
```

ಇವೇ ಇಬ್ಬರ ರಿಯಾಕ್ಷನ್ ಫಂಕ್ಷನ್‌ಗಳು. ಮೊದಲನೆಯದನ್ನು ಓದುವ ರೀತಿ ಹೀಗೆ: ಎದುರಾಳಿ ಏನೂ ತರದಿದ್ದರೆ ನಾನು 120 ತರುತ್ತೇನೆ, ಅವರು ಎರಡು ಗಡ್ಡೆ ಹೆಚ್ಚು ತರುತ್ತಾರೆಂದು ಅನಿಸಿದರೆ ನಾನು ಒಂದು ಕಡಿಮೆ ತರುತ್ತೇನೆ. ಎರಡೂ ಸಮೀಕರಣಗಳು ಒಟ್ಟಿಗೆ ನಿಜವಾಗುವ ಜಾಗ q1 = q2 = 80. ಒಟ್ಟು 160 ಗಡ್ಡೆ, ಬೆಲೆ 180 ರೂಪಾಯಿ, ಒಬ್ಬೊಬ್ಬರಿಗೂ 80 × 80 = 6400 ರೂಪಾಯಿ ಲಾಭ. ಡಿಫರೆನ್ಷಿಯೇಟ್ ಮಾಡಿ ಮುಗಿದ ಮೇಲೆ, ಈ ಹಂತದಲ್ಲಿ, q1 = q2 ಎಂದು ಹಾಕಿದರೆ ಯಾವ ತೊಂದರೆಯೂ ಇಲ್ಲ.

ಈಗ ಅದನ್ನೇ ಮೊದಲು ಹಾಕಿ ನೋಡಿ. ಲಾಭ 240q − 2q² ಆಗುತ್ತದೆ, ಅದರಿಂದ q = 60. ಬೆಲೆ 220ಕ್ಕೆ ಏರುತ್ತದೆ, ಲಾಭ 7200. ಇಬ್ಬರಿಗೂ ಹೆಚ್ಚೇ ಸಿಗುತ್ತಿದೆಯಲ್ಲ, ಇದೇ ಒಳ್ಳೆಯ ಉತ್ತರ ಎಂದು ಕೆಲವರು ವಾದಿಸುತ್ತಾರೆ. ಅವರಿಗೆ ನಾನು ಒಂದೇ ಒಂದು ಗಡ್ಡೆಯ ಲೆಕ್ಕ ಹಾಕಲು ಹೇಳುತ್ತೇನೆ.

ಇಬ್ಬರೂ 60ರಲ್ಲಿ ಇದ್ದಾರೆ. ಮೊದಲನೆಯವರು ಇನ್ನೊಂದು ಅಚ್ಚಿಗೆ ನೀರು ತುಂಬಿದರೆ ಬೆಲೆ 220ರಿಂದ 219ಕ್ಕೆ ಇಳಿಯುತ್ತದೆ. ಹೊಸ ಗಡ್ಡೆಯಿಂದ ಅವರಿಗೆ 119 ರೂಪಾಯಿ ಬಂತು, ಹಳೆಯ 60 ಗಡ್ಡೆಗಳ ಮೇಲೆ ಒಂದೊಂದು ರೂಪಾಯಿಯಂತೆ 60 ಹೋಯಿತು. ನಿವ್ವಳ 59 ರೂಪಾಯಿ ಲಾಭ. ಹಾಗಿದ್ದಮೇಲೆ ಅವರು 60ಕ್ಕೇ ಯಾಕೆ ನಿಲ್ಲುತ್ತಾರೆ? ಬೆಲೆ ಇಳಿದದ್ದರಿಂದ ಎರಡನೆಯವರಿಗೂ 60 ರೂಪಾಯಿ ಹೋಯಿತು ನಿಜ, ಆದರೆ ಅದು ಮೊದಲನೆಯವರ ಖಾತೆಯಲ್ಲಿ ಬರೆಯುವ ನಷ್ಟವಲ್ಲ. ಇಬ್ಬರನ್ನೂ ಕೂಡಿಸಿದರೆ 59 ಬಂದು 60 ಹೋಗಿದೆ, ಒಂದು ರೂಪಾಯಿ ನಷ್ಟ. ಒಪ್ಪಂದ ಮಾಡಿಕೊಂಡವರು 60ರಲ್ಲಿ ನಿಲ್ಲುವುದಕ್ಕೂ, ಪೈಪೋಟಿಯವರು ನಿಲ್ಲದಿರುವುದಕ್ಕೂ ಕಾರಣ ಈ ಒಂದು ಗಡ್ಡೆಯ ಲೆಕ್ಕದಲ್ಲೇ ಇದೆ.

q1 = q2 ಎಂದು ಮೊದಲೇ ಬರೆದಾಗ ನೀವು ಗಣಿತಕ್ಕೆ ಹೇಳಿದ್ದು ಇಷ್ಟು: ನಾನು ಒಂದು ಗಡ್ಡೆ ಹೆಚ್ಚಿಸಿದರೆ ಎದುರಾಳಿಯೂ ಅದೇ ಹೊತ್ತಿಗೆ ಒಂದು ಹೆಚ್ಚಿಸುತ್ತಾರೆ. ಆಗ ಬೆಲೆ ಒಂದಲ್ಲ, ಎರಡು ರೂಪಾಯಿ ಇಳಿದು 218 ಆಗುತ್ತದೆ. 61 × 118 = 7198, ಅಂದರೆ 7200ಕ್ಕಿಂತ ಕಡಿಮೆ. ಹಾಗಾಗಿ ಲೆಕ್ಕ 60ರಲ್ಲೇ ನಿಂತುಬಿಡುತ್ತದೆ. ಆದರೆ ರಾತ್ರಿ ತುಂಬಿದ ಅಚ್ಚು ನನ್ನ ಅಚ್ಚನ್ನು ನೋಡಿ ಹೆಚ್ಚುಕಡಿಮೆಯಾಗುವುದಿಲ್ಲ.

80ರಲ್ಲಿ ಇದೇ ಪರೀಕ್ಷೆ ಮಾಡಿ. ಎದುರಾಳಿ 80 ತಂದಾಗ ನಾನು 81 ತಂದರೆ ಲಾಭ 81 × 79, 79 ತಂದರೆ 79 × 81. ಎರಡೂ 6399. ಯಾವ ಕಡೆಗೆ ಕದಲಿದರೂ ಒಂದು ರೂಪಾಯಿ ಹೋಗುತ್ತದೆ, ಆದ್ದರಿಂದ ಇಬ್ಬರಿಗೂ ಕದಲುವ ಮನಸ್ಸಾಗುವುದಿಲ್ಲ. ಸಮತೋಲನ ಎನ್ನುವುದು ಇದನ್ನೇ. ಪರೀಕ್ಷೆಯಲ್ಲಿ ಸಮಯ ಉಳಿದರೆ ನಿಮ್ಮ ಉತ್ತರವನ್ನು ಹೀಗೆ ಒಂದು ಹೆಚ್ಚು, ಒಂದು ಕಡಿಮೆ ಮಾಡಿ ನೋಡಿ. ಸೂತ್ರ ಬಾಯಿಪಾಠ ಮಾಡುವುದಕ್ಕಿಂತ ಇದು ಎಷ್ಟೋ ವಾಸಿ.

ವೆಚ್ಚ ಬೇರೆ ಬೇರೆಯಾದರೆ ಈ ಅಡ್ಡದಾರಿ ಹಿಡಿಯಲು ಅವಕಾಶವೇ ಇರುವುದಿಲ್ಲ. ಎರಡನೆಯವರ ಯಂತ್ರ ಹಳೆಯದು, ಕರೆಂಟು ಹೆಚ್ಚು ತಿನ್ನುತ್ತದೆ, ಗಡ್ಡೆಗೆ 130 ಬೀಳುತ್ತದೆ ಎನ್ನಿ. ಅವರ ರಿಯಾಕ್ಷನ್ ಫಂಕ್ಷನ್ ಮಾತ್ರ q2 = 105 − q1/2 ಎಂದು ಬದಲಾಗುತ್ತದೆ. ಅದನ್ನು ಮೊದಲನೆಯವರದಕ್ಕೆ ಹಾಕಿ:

```
q1 = 120 − (105 − q1/2)/2
q1 = 67.5 + q1/4
q1 = 90,  q2 = 60,  P = 190
```

ತಾಳೆ ನೋಡಲು ಸುಲಭದ ದಾರಿಯೊಂದಿದೆ. ಬೇಡಿಕೆಯಲ್ಲಿ Q ಮುಂದಿನ ಸಂಖ್ಯೆ 1 ಆಗಿದ್ದಾಗ, ಬೆಲೆಯಿಂದ ವೆಚ್ಚ ಕಳೆದರೆ ಅವರವರ ಪ್ರಮಾಣವೇ ಸಿಗಬೇಕು. 190 − 100 = 90, 190 − 130 = 60. ಸರಿಹೋಯಿತು. ಗಮನಿಸಿ, ವೆಚ್ಚ ಏರಿದ್ದು ಎರಡನೆಯವರಿಗೆ, ಆದರೆ ಮೊದಲನೆಯವರೂ 80ರಿಂದ 90ಕ್ಕೆ ಹೋದರು. ಎರಡನೆಯವರು 20 ಗಡ್ಡೆ ಕಡಿಮೆ ಮಾಡಿದ್ದಕ್ಕೆ ಇವರು ಅದರ ಅರ್ಧ ಹೆಚ್ಚಿಸಿದರು.

ಆ ವೆಚ್ಚ 250ಕ್ಕೆ ಏರಿದರೆ ಇದೇ ಕ್ರಮದಲ್ಲಿ q1 = 130, q2 = −20 ಎಂದು ಬರುತ್ತದೆ. ಋಣ ಚಿಹ್ನೆ ಕಂಡ ಕೂಡಲೇ ಹಲವರು q2 = 0 ಎಂದು ತಿದ್ದಿ 130 ಅನ್ನು ಹಾಗೇ ಬಿಡುತ್ತಾರೆ. ಆ 130 ಬಂದದ್ದೇ ಇಲ್ಲದ −20ಕ್ಕೆ ಉತ್ತರವಾಗಿ. q2 = 0 ಇಟ್ಟುಕೊಂಡು ಮೊದಲನೆಯವರ ಫಂಕ್ಷನ್‌ಗೆ ಮತ್ತೆ ಹೋಗಬೇಕು: q1 = 120, ಬೆಲೆ 220. ಆ ಬೆಲೆ 250ಕ್ಕಿಂತ ಕಡಿಮೆಯಾದ್ದರಿಂದ ಎರಡನೆಯವರು ಹೊರಗುಳಿಯುವುದೇ ಸರಿ. ಅವರ ವೆಚ್ಚ 220 ಮುಟ್ಟಿದಾಗಲೇ ಅವರ ಪಾಲು ಸೊನ್ನೆಯಾಗಿರುತ್ತದೆ, ಅಲ್ಲಿಂದಾಚೆ ಆ ಮಾರುಕಟ್ಟೆ ಒಬ್ಬರದೇ.