ಒಂದೇ ದನಿಗೆ ಬರೆದ ಪಾಠ, ನಾಲ್ಕು ದನಿಗಳಲ್ಲಿ

ಬೆಂಗಳೂರಿನ ಸಿದ್ಧ ಉಡುಪು ಕಾರ್ಖಾನೆಗಳಲ್ಲಿ ಕೇಳಿಸುವುದಕ್ಕಾಗಿ ತಯಾರಾಗುತ್ತಿದ್ದ ತರಬೇತಿ ಆಡಿಯೊ ಒಂದರ ಕನ್ನಡ ಪಠ್ಯವನ್ನು ತಿದ್ದಿ, ಧ್ವನಿಮುದ್ರಣವನ್ನು ನಿರ್ದೇಶಿಸುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳವನ್ನು ತಡೆಯುವ 2013ರ ಕಾಯ್ದೆಯೇ ಅದರ ವಿಷಯ. ಸುಮಾರು 4,000 ಪದಗಳ ಆ ಪಠ್ಯವನ್ನು ಮೊದಲಿನಿಂದ ಕೊನೆಯವರೆಗೆ ಒಬ್ಬರೇ ಓದುವಂತೆ ಬರೆಯಲಾಗಿತ್ತು. ಅವಸರವಿಲ್ಲದೆ ಓದಿದರೆ ಕನ್ನಡದಲ್ಲಿ ನಿಮಿಷಕ್ಕೆ ನೂರರ ಆಸುಪಾಸು ಪದಗಳು ಸಾಗುತ್ತವೆ. ಅಂದರೆ ಊಟದ ಬಿಡುವಾದ ಮೇಲೆ, ಪರದೆಯ ಮೇಲೆ ಯಾವ ಚಿತ್ರವೂ ಇಲ್ಲದೆ, ಸ್ಪೀಕರಿನಿಂದ ಬರುವ ಒಂದೇ ದನಿಯನ್ನು ಟೈಲರ್‌ಗಳೂ ಹೆಲ್ಪರ್‌ಗಳೂ ನಲವತ್ತು ನಿಮಿಷ ಕೇಳಬೇಕಾಗಿತ್ತು. ಇದು ಬೇಸರ ತರಿಸುತ್ತದೆ ಎಂಬುದು ಮಾಡಿಸುತ್ತಿದ್ದವರಿಗೂ ಗೊತ್ತಿತ್ತು. ಒಂದು ಪ್ಯಾರಾ ಹೆಣ್ಣುದನಿ, ಮುಂದಿನ ಪ್ಯಾರಾ ಗಂಡುದನಿ ಎಂದು ಹಂಚಿಬಿಡಿ ಎಂಬುದು ಅವರು ಸೂಚಿಸಿದ ಉಪಾಯ.

ಈ ಉಪಾಯವನ್ನು ನಾನು ಒಪ್ಪಲಿಲ್ಲ. ಹೊಸ ದನಿ ಕೇಳಿಸಿದ ಕೂಡಲೇ ಕೇಳುಗರು ಬೇರೊಬ್ಬ ವ್ಯಕ್ತಿ ಬಂದರೆಂದು ಭಾವಿಸುತ್ತಾರೆ, ಅವರು ಯಾರು, ಏಕೆ ಮಾತಾಡುತ್ತಿದ್ದಾರೆ ಎಂದು ಕಾಯುತ್ತಾರೆ. ಆ ದನಿಯೂ ಹಿಂದಿನದರಷ್ಟೇ ಎಲ್ಲವನ್ನೂ ಬಲ್ಲ, ಅದೇ ಧಾಟಿಯ ಮಾತನ್ನೇ ಮುಂದುವರಿಸಿದರೆ ಆ ನಿರೀಕ್ಷೆ ವ್ಯರ್ಥವಾಗುತ್ತದೆ. ಮೂರ್ನಾಲ್ಕು ಸಲ ಹೀಗಾದ ಮೇಲೆ ದನಿ ಬದಲಾದದ್ದನ್ನು ಕಿವಿ ಗಮನಿಸುವುದೇ ಇಲ್ಲ. ಆದ್ದರಿಂದ ಪ್ಯಾರಾಗಳನ್ನು ಎಣಿಸುವ ಬದಲು, ಪಠ್ಯದ ಪ್ರತಿಯೊಂದು ವಾಕ್ಯದ ಪಕ್ಕದಲ್ಲಿ ಎರಡು ಪ್ರಶ್ನೆಗಳಿಗೆ ಉತ್ತರ ಬರೆಯುತ್ತ ಹೋದೆ. ಕಾರ್ಖಾನೆಯಲ್ಲಿ ಈ ಮಾತು ಯಾರಿಗೆ ಗೊತ್ತಿರುತ್ತದೆ? ಇದು ಯಾರಿಗೆ ಬೇಕಾಗಿದೆ?

ಹಾಗೆ ಗುರುತು ಹಾಕಿದಾಗ ವಾಕ್ಯಗಳು ತಾವಾಗಿಯೇ ನಾಲ್ವರ ಕಡೆಗೆ ಸರಿದವು. ದೂರನ್ನು ಯಾರಿಗೆ, ಹೇಗೆ ಕೊಡಬೇಕು, ಕೊಟ್ಟ ಮೇಲೆ ಏನಾಗುತ್ತದೆ ಎಂಬ ಕ್ರಮವೆಲ್ಲ, ಇಂಥ ದೂರುಗಳನ್ನು ವಿಚಾರಿಸಲು ಸಂಸ್ಥೆಯೊಳಗೇ ಇರುವ ಆಂತರಿಕ ಸಮಿತಿಯ ಅಧ್ಯಕ್ಷೆಯ ಮಾತಾಯಿತು. ಕಾಯ್ದೆಯ ಪ್ರಕಾರ ಆಕೆ ಅದೇ ಸಂಸ್ಥೆಯ ಹಿರಿಯ ಉದ್ಯೋಗಿಯಾಗಿರಬೇಕು. ಕಾನೂನಿನ ವ್ಯಾಖ್ಯೆಗಳು ಮತ್ತು ಅದರ ಮಿತಿಗಳು ಸಮಿತಿಯ ಹೊರಗಿನ ಸದಸ್ಯೆಗೆ ಹೋದವು. ಮಹಿಳೆಯರ ಪರವಾಗಿ ಕೆಲಸ ಮಾಡುವ ಸರ್ಕಾರೇತರ ಸಂಸ್ಥೆಯಿಂದ ಅಥವಾ ಈ ವಿಷಯವನ್ನು ಬಲ್ಲವರಿಂದ ಒಬ್ಬರು ಸಮಿತಿಯಲ್ಲಿರಬೇಕೆಂದು ಕಾಯ್ದೆಯೇ ಹೇಳುವುದರಿಂದ, ವಿವರಿಸುವ ಕೆಲಸವನ್ನು ಅವರಿಗೆ ಕೊಡಲು ಕೃತಕ ಕಾರಣವನ್ನು ಹುಡುಕಬೇಕಾಗಲಿಲ್ಲ. ಬೇರೆ ನಿರೂಪಕರೂ ಬೇಡವಾದರು. ಹೊಲಿಗೆ ಲೈನಿನ ಟೈಲರ್ ಮತ್ತು ಲೈನ್ ಸೂಪರ್‌ವೈಸರ್ ಉಳಿದ ಇಬ್ಬರು. ಐದನೆಯವರನ್ನು ಸೇರಿಸುವ ಆಸೆಯನ್ನು ನಾನು ಬೇಕೆಂದೇ ತಡೆದೆ. ಮುಖ ಕಾಣದ ಕಡೆ, ಮೊದಲ ಸಲ ಕೇಳುವವರು ನಾಲ್ಕಕ್ಕಿಂತ ಹೆಚ್ಚು ದನಿಗಳನ್ನು ನೆನಪಿಟ್ಟುಕೊಳ್ಳಲು ಹೆಣಗಬೇಕಾಗುತ್ತದೆ ಎಂಬುದು ನನ್ನ ಅನುಭವ. ಪಾತ್ರಗಳಿಗೆ ಹೆಸರನ್ನೂ ಇಡಲಿಲ್ಲ. ಸಾವಿರಾರು ಹೆಂಗಸರು ದುಡಿಯುವ ಜಾಗದಲ್ಲಿ ಯಾವ ಹೆಸರಿಟ್ಟರೂ ಆ ಹೆಸರಿನವರೊಬ್ಬರು ಅದೇ ಫ್ಲೋರಿನಲ್ಲಿ ಇರುತ್ತಾರೆ, ಸುತ್ತಲಿನವರು ಅವರ ಕಡೆ ತಿರುಗಿ ನೋಡುತ್ತಾರೆ.

ಹಂಚುವ ಕೆಲಸ ಎಂಥದೆಂದು ತಿಳಿಯಲು ಒಂದು ಭಾಗವನ್ನು ಬಿಡಿಸಿ ತೋರಿಸುತ್ತೇನೆ. ಮೂಲ ಪಠ್ಯದಲ್ಲಿ ಕಾಲಮಿತಿಯ ಮಾತು ಹೀಗಿತ್ತು: “ಘಟನೆ ನಡೆದ ದಿನಾಂಕದಿಂದ ಮೂರು ತಿಂಗಳೊಳಗೆ ಲಿಖಿತ ದೂರನ್ನು ಸಲ್ಲಿಸತಕ್ಕದ್ದು. ಘಟನೆಗಳು ಸರಣಿಯಾಗಿ ನಡೆದಿದ್ದಲ್ಲಿ ಕೊನೆಯ ಘಟನೆಯ ದಿನಾಂಕದಿಂದ ಅವಧಿಯನ್ನು ಎಣಿಸತಕ್ಕದ್ದು. ದೂರು ನೀಡಲು ಅಡ್ಡಿಯಾದ ಸಂದರ್ಭಗಳಿದ್ದವೆಂದು ಮನವರಿಕೆಯಾದಲ್ಲಿ, ಸಮಿತಿಯು ಕಾರಣಗಳನ್ನು ಲಿಖಿತವಾಗಿ ದಾಖಲಿಸಿ, ಮೂರು ತಿಂಗಳಿಗೆ ಮೀರದಂತೆ ಅವಧಿಯನ್ನು ವಿಸ್ತರಿಸಬಹುದು.”

ಇದನ್ನು ಸಂಭಾಷಣೆ ಮಾಡಿ ಎಂದರೆ ಹೆಚ್ಚಿನವರು ಟೈಲರ್ ಬಾಯಲ್ಲಿ “ದೂರು ನೀಡಲು ಎಷ್ಟು ಕಾಲಾವಕಾಶವಿದೆ ಮೇಡಂ?” ಎಂಬ ಪ್ರಶ್ನೆಯನ್ನು ಇಡುತ್ತಾರೆ. ಅದು ಉತ್ತರವನ್ನು ಮೊದಲೇ ಕೈಯಲ್ಲಿ ಹಿಡಿದುಕೊಂಡವರು ಕೇಳುವ ಪ್ರಶ್ನೆ. ಹೆದರಿಕೊಂಡು ಬಂದ ಹೆಣ್ಣುಮಗಳು ಕಾಲಾವಕಾಶದ ಬಗ್ಗೆ ವಿಚಾರಿಸುವುದಿಲ್ಲ, ತನ್ನ ಕಾಲ ಮೀರಿಹೋಯಿತೇನೋ ಎಂದು ಅಳುಕುತ್ತಾಳೆ. ಹಾಗಾಗಿ ನಾನು ಬರೆದದ್ದು ಹೀಗೆ:

ಟೈಲರ್: ಮೇಡಂ, ಇದು ಯುಗಾದಿಗಿಂತ ಮುಂಚೆನೇ ಶುರುವಾಗಿದ್ದು. ಈಗ ಬಂದು ಹೇಳಿದ್ರೆ ತಗೊಳ್ತೀರಾ?

ಅಧ್ಯಕ್ಷೆ: ಕೊನೇ ಸಲ ನಡೆದಿದ್ದು ಯಾವಾಗ?

ಟೈಲರ್: ಹೋದ ವಾರ.

ಅಧ್ಯಕ್ಷೆ: ಹಾಗಿದ್ರೆ ಲೆಕ್ಕ ಹೋದ ವಾರದಿಂದ. ಅಲ್ಲಿಂದ ಮೂರು ತಿಂಗಳೊಳಗೆ ನೀವು ಬರೆದು ಕೊಡಬಹುದು.

ಟೈಲರ್: ನಮ್ಮ ಲೈನಲ್ಲಿ ಇನ್ನೊಬ್ಬರಿದ್ದಾರೆ ಮೇಡಂ. ಅವರದು ನಾಲ್ಕು ತಿಂಗಳಾಯ್ತು. ಕೆಲಸ ಹೋಗುತ್ತೆ ಅಂತ ಹೆದರಿ ಸುಮ್ಮನಿದ್ರು.

ಹೊರಗಿನ ಸದಸ್ಯೆ: ದೂರು ಕೊಡಲಾಗದಂಥ ಪರಿಸ್ಥಿತಿ ಅವರಿಗಿತ್ತು ಎಂದು ಸಮಿತಿಗೆ ಮನವರಿಕೆಯಾದರೆ, ಕಾರಣವನ್ನು ಬರೆದಿಟ್ಟು, ಇನ್ನೂ ಮೂರು ತಿಂಗಳವರೆಗೆ ಸಮಯ ಕೊಡಬಹುದು. ಕೊಡಲೇಬೇಕು ಎಂದು ಕಾಯ್ದೆ ಹೇಳುವುದಿಲ್ಲ. ಆದ್ದರಿಂದ ಅವರಿಗೂ ಇವತ್ತೇ ಬರಲು ಹೇಳಿ.

ಮೂಲದ ಮೂರು ವಾಕ್ಯಗಳಲ್ಲಿದ್ದ ಮೂರು ಷರತ್ತುಗಳೂ ಇಲ್ಲಿ ಉಳಿದಿವೆ. ಎರಡು ಷರತ್ತುಗಳು ಅಧ್ಯಕ್ಷೆಗೆ, ಮೂರನೆಯದು ಹೊರಗಿನ ಸದಸ್ಯೆಗೆ ಹೋಗಿದ್ದಕ್ಕೂ ಕಾರಣವಿದೆ. ಲೆಕ್ಕ ಹಾಕಿ ಹೇಳುವುದು ಅಧ್ಯಕ್ಷೆಯ ಕೆಲಸ. ‘ಬಹುದು’ ಎಂಬುದರ ಗಡಿಯನ್ನು ಹೇಳುವುದು ಕಾನೂನು ಬಲ್ಲವರ ಕೆಲಸ. ಕಾನೂನು ಪರಿಶೀಲಕರಿಗೆ ಕಳಿಸುವಾಗ ಎಡಗಡೆ ಮೂಲ ವಾಕ್ಯ, ಬಲಗಡೆ ಹೊಸ ಮಾತು ಎಂದು ಎರಡು ಅಂಕಣಗಳಲ್ಲಿ ಕೊಟ್ಟೆ. ಸಂಭಾಷಣೆಯಲ್ಲಿ ಷರತ್ತುಗಳು ಸದ್ದಿಲ್ಲದೆ ಕಳಚಿ ಬೀಳುತ್ತವೆ. ‘ಲಿಖಿತ’ ಎಂಬ ಒಂದು ಪದ ಜಾರಿದರೂ, ಬಾಯಿಮಾತಿನಲ್ಲಿ ಹೇಳಿದರೆ ಸಾಕೆಂದು ಕೇಳುಗರು ತಿಳಿಯುತ್ತಾರೆ. ಬರೆಯಲು ಬಾರದವರಿಗೆ ಸಮಿತಿಯೇ ನೆರವಾಗಿ ಬರೆಸಿಕೊಳ್ಳಬೇಕು ಎಂಬ ನಿಯಮ ಮೂಲದಲ್ಲಿ ಎಲ್ಲೋ ಮುಂದೆ ಇತ್ತು. “ನನಗೆ ಸೈನ್ ಹಾಕೋದಷ್ಟೇ ಬರೋದು ಮೇಡಂ” ಎಂದು ಟೈಲರ್ ಹೇಳುವ ಜಾಗಕ್ಕೆ ಅದನ್ನು ತಂದು ಸೇರಿಸಿದೆ.

ಹೀಗೆ ಬಿಡಿಸಿದರೆ ಪಠ್ಯ ಉದ್ದವಾಗುತ್ತದೆ. ಮೇಲಿನ ಭಾಗವೇ ಮೂಲಕ್ಕಿಂತ ಎಷ್ಟೋ ಹಿಗ್ಗಿದೆ. ಊಟದ ನಂತರದ ಸಮಯ ಹಿಗ್ಗುವುದಿಲ್ಲವಾದ್ದರಿಂದ ಎಲ್ಲವನ್ನೂ ಸಂಭಾಷಣೆ ಮಾಡುವಂತಿರಲಿಲ್ಲ. ಸಮಿತಿಯಲ್ಲಿ ಅರ್ಧದಷ್ಟಾದರೂ ಮಹಿಳೆಯರಿರಬೇಕು, ವಿಚಾರಣೆ 90 ದಿನಗಳಲ್ಲಿ ಮುಗಿಯಬೇಕು ಎಂಬಂಥ ಮಾತುಗಳನ್ನು ಹೊರಗಿನ ಸದಸ್ಯೆ ಒಬ್ಬರೇ ನೇರವಾಗಿ ಹೇಳುವಂತೆ ಉಳಿಸಿದೆ. ಈ ಕಾಯ್ದೆಗೆ ದಾರಿಮಾಡಿದ, ಸುಪ್ರೀಂ ಕೋರ್ಟಿನ 1997ರ ವಿಶಾಖಾ ತೀರ್ಪಿನ ಬಗ್ಗೆ ಇದ್ದ ಒಂದು ಪುಟವನ್ನು ಎರಡು ವಾಕ್ಯಕ್ಕೆ ಇಳಿಸಿದೆ. ಕೇಳುವವರ ಅಳುಕು ಎಲ್ಲಿದೆಯೋ ಅಲ್ಲಿ ಮಾತ್ರ ದನಿಗಳು ಎದುರುಬದುರಾಗಲಿ ಎಂಬುದು ನನ್ನ ನಿರ್ಧಾರವಾಗಿತ್ತು.

ಅತ್ಯಂತ ಹೆಚ್ಚು ಚರ್ಚೆಯಾದದ್ದು ಸೂಪರ್‌ವೈಸರ್ ಪಾತ್ರದ ಬಗ್ಗೆ. ನಾಲ್ವರಲ್ಲಿ ಆತನೊಬ್ಬನೇ ಗಂಡಸು. ಆತನನ್ನೇ ಆರೋಪಿಯನ್ನಾಗಿಸಿದ್ದರೆ ಸಭೆಯಲ್ಲಿ ಕುಳಿತ ಗಂಡಸರು ಇದು ತಮ್ಮ ವಿರುದ್ಧದ ಪಾಠವೆಂದು ಬಗೆದು ಕಿವಿ ಮುಚ್ಚಿಕೊಳ್ಳುತ್ತಿದ್ದರು. ಆದ್ದರಿಂದ ಆರೋಪಿಗೆ ದನಿಯನ್ನೇ ಕೊಡಲಿಲ್ಲ. ನಡೆದದ್ದನ್ನು ಟೈಲರ್ ಆಮೇಲೆ ಹೇಳುತ್ತಾಳೆ, ಯಾರೂ ಅದನ್ನು ಅಭಿನಯಿಸುವುದಿಲ್ಲ. ಅಂಥದ್ದನ್ನು ಅನುಭವಿಸಿದವರೂ ಅಲ್ಲಿ ಕುಳಿತಿರಬಹುದಾದ್ದರಿಂದ ಅದೇ ಸರಿಯೆನಿಸಿತು. ಸೂಪರ್‌ವೈಸರ್ ತನ್ನದೇ ಸಂದೇಹವನ್ನು ಹೊತ್ತು ಬರುತ್ತಾನೆ: “ಪ್ರೊಡಕ್ಷನ್ ಕಮ್ಮಿ ಬಂದಾಗ ನಾನು ಜೋರು ಮಾಡಲೇಬೇಕಲ್ಲ ಮೇಡಂ, ಅದೂ ಕಂಪ್ಲೇಂಟ್ ಆಗುತ್ತಾ?” ಬರೀ ಜೋರು ಮಾಡುವುದು ತಪ್ಪಿರಬಹುದು, ಆದರೆ ಈ ಕಾಯ್ದೆಯೊಳಗೆ ಬರುವುದಿಲ್ಲ, ಇಷ್ಟವಿಲ್ಲದ ಲೈಂಗಿಕ ಸ್ವರೂಪದ ಮಾತು, ಮುಟ್ಟುವಿಕೆ, ಬೇಡಿಕೆ ಬರುತ್ತವೆ, ಅಂಥದಕ್ಕೆ ಒಪ್ಪದಿದ್ದರೆ ಕೆಲಸಕ್ಕೆ ತೊಂದರೆ ಮಾಡುತ್ತೇನೆಂಬ ಬೆದರಿಕೆಯೂ ಬರುತ್ತದೆ ಎಂದು ಹೊರಗಿನ ಸದಸ್ಯೆ ಉತ್ತರಿಸುತ್ತಾರೆ. ಮೂಲದಲ್ಲಿ ಒಣ ವ್ಯಾಖ್ಯೆಯಾಗಿದ್ದ ಭಾಗ, ಅದು ನಿಜವಾಗಿ ಬೇಕಾದವನ ಬಾಯಿಂದ ಪ್ರಶ್ನೆಯಾಗಿ ಬಂದಿತು.

ಕಲಾವಿದರನ್ನು ಆರಿಸುವಾಗ ಮೂವರು ಹೆಂಗಸರ ದನಿಗಳು ಒಂದರೊಳಗೊಂದು ಬೆರೆಯದಂತೆ ನೋಡಿಕೊಳ್ಳುವುದೇ ಮುಖ್ಯ ಕೆಲಸವಾಗಿತ್ತು. ಸ್ಟುಡಿಯೋದ ಹೆಡ್‌ಫೋನಿನಲ್ಲಿ ಇಬ್ಬರ ದನಿ ಸ್ಪಷ್ಟವಾಗಿ ಬೇರೆಯೆನಿಸಿದರೂ ಸಣ್ಣ ಸ್ಪೀಕರಿನಲ್ಲಿ ತಗ್ಗಿನ ಸ್ವರಗಳು ಕಳೆದುಹೋಗಿ ಇಬ್ಬರೂ ಒಬ್ಬರೇ ಎಂಬಂತೆ ಕೇಳಿಸಬಹುದು. ಹಾಗಾಗಿ ಬಂದ ಮಾದರಿಗಳನ್ನೆಲ್ಲ ಮೊಬೈಲ್ ಫೋನಿನ ಸ್ಪೀಕರಿನಲ್ಲಿ, ಫ್ಯಾನ್ ಹಾಕಿದ ಕೋಣೆಯಲ್ಲಿ, ಒಂದರ ಹಿಂದೊಂದು ಕೇಳಿ ತೀರ್ಮಾನಿಸಿದೆ. ಅರವತ್ತು ದಾಟಿದ, ಮಾತಿನ ನಡುವೆ ನಿಲ್ಲುವ ಅಭ್ಯಾಸವಿರುವ ಒಬ್ಬರು ಹೊರಗಿನ ಸದಸ್ಯೆಯಾದರು. ಚುರುಕಾಗಿ, ಚಿಕ್ಕ ವಾಕ್ಯಗಳಲ್ಲಿ ಮಾತಾಡುವವರು ಅಧ್ಯಕ್ಷೆಯಾದರು. ದನಿಯನ್ನು ತಿರುಚಿ ಪಾತ್ರ ಮಾಡುವುದಕ್ಕಿಂತ ವಯಸ್ಸು ಮತ್ತು ವೇಗಗಳ ವ್ಯತ್ಯಾಸ ಹೆಚ್ಚು ಹೊತ್ತು ನಿಲ್ಲುತ್ತದೆ. ಟೈಲರ್ ಪಾತ್ರಕ್ಕೆ ಬಂದ ಯುವತಿ ಮಂಡ್ಯ ಕಡೆಯ ಮಾತನ್ನು ಬಲು ಗಾಢವಾಗಿ ಆಡಿ ತೋರಿಸಿದರು, ಚೆನ್ನಾಗಿಯೇ ಇತ್ತು. ಆದರೆ ಅಧಿಕಾರಿಗಳು ಶಿಷ್ಟವಾಗಿ, ಕೆಲಸಗಾರ್ತಿ ಮಾತ್ರ ಹಳ್ಳಿಯ ಮಾತಿನಲ್ಲಿ ಎಂದಾದರೆ, ತಿಳಿದವರು ಮತ್ತು ತಿಳಿಯದವರು ಎಂಬ ಭೇದವನ್ನು ನಾವೇ ಎತ್ತಿ ತೋರಿಸಿದಂತಾಗುತ್ತದೆ. ಟೈಲರ್, ಅಧ್ಯಕ್ಷೆ, ಸೂಪರ್‌ವೈಸರ್ ಮೂವರೂ ಬೆಂಗಳೂರಿನ ಕಾರ್ಖಾನೆಯಲ್ಲಿ ದಿನವೂ ಕೇಳುವ ಆಡುಮಾತಿನಲ್ಲೇ ಮಾತಾಡಲಿ, ಹೊರಗಿನ ಸದಸ್ಯೆ ಮಾತ್ರ ತುಸು ಬರಹಕ್ಕೆ ಹತ್ತಿರವಾಗಿರಲಿ ಎಂದು ಗೊತ್ತುಮಾಡಿದೆವು.

ನಾಲ್ವರೂ ಒಂದೇ ದಿನ ಸಿಗುವುದು ಸಾಧ್ಯವಾಗಲಿಲ್ಲ. ಬೇರೆ ಬೇರೆಯಾಗಿ ಮುದ್ರಿಸಿದ ಪ್ರಶ್ನೆ, ಉತ್ತರಗಳನ್ನು ಜೋಡಿಸಿದಾಗ ದೋಷ ತಕ್ಷಣ ಗೊತ್ತಾಗುತ್ತದೆ: ಪ್ರಶ್ನೆ ಅಳುಕಿನಿಂದ ತಗ್ಗಿನಲ್ಲಿ ಮುಗಿದಿರುತ್ತದೆ, ಉತ್ತರ ಸಭೆಗೆ ಘೋಷಿಸುವಂತೆ ಮೇಲೇಳುತ್ತದೆ. ಆದ್ದರಿಂದ ಟೈಲರ್ ಮತ್ತು ಅಧ್ಯಕ್ಷೆಯ ಮಾತುಗಳನ್ನು ಇಬ್ಬರನ್ನೂ ಕೂರಿಸಿಯೇ ಮುದ್ರಿಸಿದೆವು. ಉಳಿದವರಿಗೆ, ಈಗಾಗಲೇ ಮುದ್ರಿತವಾಗಿದ್ದ ಎದುರಿನ ಮಾತನ್ನು ಹೆಡ್‌ಫೋನಿನಲ್ಲಿ ಕೇಳಿಸಿ, ಅದಕ್ಕೆ ಉತ್ತರವಾಗಿ ಹೇಳಿಸಿದೆವು. ಮೈಕ್, ಅದರಿಂದ ಬಾಯಿಗೆ ಇರುವ ದೂರ, ಕೋಣೆ ಎಲ್ಲರಿಗೂ ಒಂದೇ ಇದ್ದವು. ಯಾರೂ ಮಾತಾಡದಿರುವಾಗಿನ ಕೋಣೆಯ ಸದ್ದನ್ನೂ ಪ್ರತಿ ಸಲ ಅರ್ಧ ನಿಮಿಷ ಮುದ್ರಿಸಿಟ್ಟುಕೊಂಡೆವು, ಮಾತುಗಳ ನಡುವಿನ ತೆರಪನ್ನು ತುಂಬಲು ಅದು ಬೇಕಾಗುತ್ತದೆ. ಸಂಕಲನದಲ್ಲಿ ಎಲ್ಲ ತೆರಪುಗಳನ್ನೂ ಒಂದೇ ಅಳತೆಗೆ ತರುವುದನ್ನು ನಾನು ಬೇಡವೆಂದೆ. “ಹೋದ ವಾರ” ಎಂಬ ಉತ್ತರ ಬರುವ ಮೊದಲು ಟೈಲರ್ ಒಂದು ಕ್ಷಣ ತಡೆಯಬೇಕು. ಅಧ್ಯಕ್ಷೆಯ “ಹಾಗಿದ್ರೆ” ತಡವಿಲ್ಲದೆ ಬರಬೇಕು.

ಹಂಚುವಾಗಲೇ ಯೋಚಿಸಬೇಕಾದ ಇನ್ನೊಂದು ಸಂಗತಿಯೆಂದರೆ ಮುಂದೆ ಬದಲಾಗುವ ಮಾತುಗಳು. ಸಮಿತಿಯ ಸದಸ್ಯರ ಹೆಸರು, ಫೋನ್ ನಂಬರ್, ದೂರು ಕೊಡುವ ಕೋಣೆ ಇವು ಪ್ರತಿ ಘಟಕಕ್ಕೂ ಬೇರೆ. ಅಧ್ಯಕ್ಷೆ ಮತ್ತು ಸದಸ್ಯರ ಅವಧಿಯೂ ಮೂರು ವರ್ಷ ಮೀರುವಂತಿಲ್ಲ. ಇವು ಸಂಭಾಷಣೆಯಲ್ಲಿ ಬೆರೆತರೆ ಪ್ರತಿ ಬದಲಾವಣೆಗೂ ನಾಲ್ವರನ್ನು ಮತ್ತೆ ಕರೆಸಬೇಕಾಗುತ್ತದೆ, ಆಗ ಖರ್ಚಿಗೆ ಹೆದರಿ ಹಳೆಯ ನಂಬರನ್ನೇ ಕೇಳಿಸುತ್ತ ಹೋಗುವ ಅಪಾಯವಿರುತ್ತದೆ. ಹಾಗಾಗಿ ಅಂಥ ಮಾತುಗಳನ್ನೆಲ್ಲ ಹೊರಗಿನ ಸದಸ್ಯೆಯ ಪಾತ್ರಧಾರಿಯೊಬ್ಬರಿಗೇ ಕೊಟ್ಟು, ಪಾಠದ ಕೊನೆಗೆ ಬೇರೆಯೇ ಫೈಲಾಗಿ ಇಟ್ಟೆವು. ಘಟಕಗಳು ತಮ್ಮ ಪಟ್ಟಿಯನ್ನು ಕಳಿಸಿದಾಗ ಆ ಒಬ್ಬರು ಬಂದು, ಹೆಸರುಗಳನ್ನೂ ನಂಬರಿನ ಅಂಕಿಗಳನ್ನೂ ಬಿಡಿಬಿಡಿಯಾಗಿ, ಎರಡೆರಡು ಸಲ ಓದಿ ಹೋಗುತ್ತಾರೆ.